ಪ್ರತಿಕ್ರಿಯೆ: ಸೊನ್ನೆ ಬ್ರೋಕರೇಜ್‌ ಆ್ಯಪ್‌ಗೆ ಹೋದರೆ ಉಳಿಯುತ್ತಾ?

"ನನ್ನ ಹೂಡಿಕೆ ಒಟ್ಟು 20,000. ತಿಂಗಳಿಗೆ ಎರಡು ಸಲ 500ರ ಷೇರು ಕೊಳ್ಳುತ್ತೇನೆ. ಆರ್ಡರ್‌ಗೆ 20, ಖಾತೆ ನಿರ್ವಹಣೆಗೆ ವರ್ಷಕ್ಕೆ 300 ಹೋಗುತ್ತದೆ. ಸೊನ್ನೆ ಬ್ರೋಕರೇಜ್‌ ಆ್ಯಪ್‌ಗೆ ಹೋದರೆ ಉಳಿಯುತ್ತಾ?"

ಮೊದಲು ವರ್ಷದ ಲೆಕ್ಕ ಹಾಕೋಣ. 24 ಆರ್ಡರ್‌ಗೆ 480, ಜೊತೆಗೆ 300, ಒಟ್ಟು 780. ಅಂದರೆ ನಿಮ್ಮ ಹೂಡಿಕೆಯ 3.9%. ವರ್ಷಕ್ಕೆ 10% ಲಾಭ ಬಂದರೂ ಕೈಗೆ ಉಳಿಯುವುದು ಸುಮಾರು 6% ಮಾತ್ರ. ಇದೇ 780 ಹತ್ತು ಲಕ್ಷದ ಹೂಡಿಕೆಯಲ್ಲಿ 0.1% ಕೂಡ ಆಗುವುದಿಲ್ಲ. ನಿಗದಿತ ಶುಲ್ಕ ಸಣ್ಣವರಿಗೇ ಜಾಸ್ತಿ ಹೊಡೆತ ಕೊಡುತ್ತದೆ, ಅಲ್ವಾ?

500ಕ್ಕೆ 20 ಕೊಟ್ಟರೆ ಕೊಳ್ಳುವಾಗಲೇ 4% ಹೋಯಿತು. ಆ್ಯಪ್ ಬದಲಿಸದೆಯೂ ಇದನ್ನು ತಗ್ಗಿಸಬಹುದು. ಮೂರು ತಿಂಗಳಿಗೊಮ್ಮೆ 3,000ಕ್ಕೆ ಕೊಳ್ಳಿ. ಆಗ ಆರ್ಡರ್‌ ಖರ್ಚು 480ರಿಂದ 80ಕ್ಕೆ ಇಳಿಯುತ್ತದೆ.

ಇನ್ನು ಸೊನ್ನೆ ಬ್ರೋಕರೇಜ್‌. ಆ ಮಾತು ಒಂದನ್ನೇ ನಂಬಿ ಹೋಗಬೇಡಿ. ಅದರ ಪೂರ್ತಿ ದರಪಟ್ಟಿ ತೆಗೆದು, ನಿಮ್ಮ ಕಳೆದ ವರ್ಷದ ಆರ್ಡರ್‌ಗಳನ್ನೇ ಅದರಲ್ಲಿ ಹಾಕಿ ನೋಡಿ. ಮಾರುವಾಗಿನ ಶುಲ್ಕ, ಹಣ ಹಿಂಪಡೆಯುವ ಶುಲ್ಕ, ಎರಡನೇ ವರ್ಷದಿಂದ ಶುರುವಾಗುವ ನಿರ್ವಹಣಾ ಶುಲ್ಕ, ಷೇರನ್ನು ಬೇರೆ ಕಡೆ ವರ್ಗಾಯಿಸುವ ಶುಲ್ಕ ಇವೆಲ್ಲ ಸಾಮಾನ್ಯವಾಗಿ ಕೆಳಗಿನ ಸಣ್ಣ ಅಕ್ಷರದಲ್ಲಿರುತ್ತವೆ. ತೆರಿಗೆ ಎಲ್ಲ ಕಡೆ ಒಂದೇ ಆಗಿದ್ದರೆ ಅದನ್ನು ಹೋಲಿಕೆಯಿಂದ ಬಿಡಿ.

ಕೆಲವು ಕಡೆ ಖರ್ಚು ಬೆಲೆಯೊಳಗೇ ಅಡಗಿರುತ್ತದೆ. ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆಯ ನಡುವಿನ ಅಂತರ ಅಗಲವಾಗಿರುತ್ತದೆ. ಒಂದು ಸಣ್ಣ ಆರ್ಡರ್‌ ಹಾಕಿ, ಅದೇ ನಿಮಿಷದ ಮಾರುಕಟ್ಟೆ ಬೆಲೆಯ ಜೊತೆ ನಿಮಗೆ ಸಿಕ್ಕ ಬೆಲೆಯನ್ನು ಹೋಲಿಸಿ. ವ್ಯತ್ಯಾಸ ಪ್ರತಿ ಸಲವೂ ನಿಮಗೆ ನಷ್ಟದ ಕಡೆಗೇ ಇದ್ದರೆ, ಅದನ್ನೂ ಶುಲ್ಕ ಅಂತಲೇ ಲೆಕ್ಕಕ್ಕೆ ಸೇರಿಸಿ.