ಮೈಮೇಲಿನ ಚಿನ್ನ, ಖಾತೆಯಲ್ಲಿನ ಚಿನ್ನ

"ಎರಡು ಲಕ್ಷ ಕೂಡಿಸಿದ್ದೇನೆ. ಹೂಡಿಕೆ ಅಂತ ಚಿನ್ನ ತೆಗೆದುಕೊಳ್ಳಬೇಕು. ಸರ ಮಾಡಿಸಲೇ, ಇಟಿಎಫ್ ಕೊಳ್ಳಲೇ? ಒಟ್ಟು ಉಳಿತಾಯದಲ್ಲಿ ಚಿನ್ನ ಎಷ್ಟಿರಬೇಕು?"

ತೊಡುವ ಆಸೆಯಿದ್ದರೆ ಸರ ಮಾಡಿಸಿ. ಹೂಡಿಕೆಯೇ ಉದ್ದೇಶವಾದರೆ ಇಟಿಎಫ್, ಅಂದರೆ ಚಿನ್ನದ ದರವನ್ನೇ ಅನುಸರಿಸುವ, ಷೇರಿನಂತೆ ಕೊಂಡು ಮಾರುವ ನಿಧಿ, ಸಾಕು. ಲೆಕ್ಕದ ಅನುಕೂಲಕ್ಕೆ 22 ಕ್ಯಾರೆಟ್ ಚಿನ್ನ ಗ್ರಾಮಿಗೆ 9,000 ರೂಪಾಯಿ ಎಂದುಕೊಳ್ಳೋಣ. 20 ಗ್ರಾಂ ಸರದಲ್ಲಿನ ಚಿನ್ನಕ್ಕೆ 1,80,000 ರೂಪಾಯಿ. ಮಜೂರಿ, ವೇಸ್ಟೇಜ್ ಸೇರಿ ಶೇ. 12 ಎಂದರೆ 21,600. ಒಟ್ಟಿನ ಮೇಲೆ ಶೇ. 3ರ ಜಿಎಸ್‌ಟಿ 6,048. ನೀವು ಕೊಡುವುದು 2,07,648 ರೂಪಾಯಿ. ಅದನ್ನೇ ಮರುದಿನ ಮಾರಲು ಹೋದರೆ ಮಜೂರಿಯೂ ತೆರಿಗೆಯೂ ಲೆಕ್ಕಕ್ಕೆ ಬರುವುದಿಲ್ಲ, ಕರಗಿಸುವ ನಷ್ಟವೆಂದು ಶೇ. 2 ಕಳೆದರೆ ಕೈಗೆ ಬರುವುದು 1,76,400. ಅಂದರೆ ಚಿನ್ನದ ದರ ಸುಮಾರು ಶೇ. 18 ಏರಿದ ಮೇಲಷ್ಟೇ ನಿಮ್ಮ ಅಸಲು ಮರಳುತ್ತದೆ. ನಮ್ಮ ತಾಯಿಯ ಎರಡೆಳೆ ಸರವನ್ನು ತೂಗಿಸಿದಾಗ ಅಂಗಡಿಯವರು ಮೊದಲು ಮಾಡಿದ ಕೆಲಸವೇ ಕರಿಮಣಿಯ ತೂಕವನ್ನು ಕಳೆದದ್ದು. ಕೊಳ್ಳುವಾಗಲೂ ಬಿಲ್ಲಿನಲ್ಲಿ ನಿವ್ವಳ ತೂಕ ಬೇರೆಯಾಗಿ ಬರೆದಿದೆಯೇ ಎಂದು ನೋಡಿ. ನಾಣ್ಯಕ್ಕೆ ಮಜೂರಿ ಕಡಿಮೆಯಾದರೂ, ಬ್ಯಾಂಕಿನಲ್ಲಿ ಕೊಂಡದ್ದನ್ನು ಬ್ಯಾಂಕು ಮರಳಿ ಕೊಳ್ಳುವುದಿಲ್ಲ.

ಇಟಿಎಫ್‌ಗೆ ಡಿಮ್ಯಾಟ್ ಖಾತೆ ಬೇಕು, ದಲ್ಲಾಳಿ ಶುಲ್ಕವಿದೆ, ವರ್ಷಕ್ಕೆ ಸುಮಾರು ಶೇ. ಅರ್ಧದಷ್ಟು ನಿರ್ವಹಣಾ ವೆಚ್ಚ ಸದ್ದಿಲ್ಲದೆ ಕಳೆಯುತ್ತಿರುತ್ತದೆ. ಆದರೂ ಎಂಟು ವರ್ಷಕ್ಕೆ ಅದು ಶೇ. 4ರ ಆಸುಪಾಸು, ಮೇಲಿನ ಸರದ ನಷ್ಟಕ್ಕೆ ಹೋಲಿಸಿದರೆ ಅಲ್ಪ. ಇವೆರಡಕ್ಕಿಂತ ಉತ್ತಮವಾಗಿದ್ದುದು ಸರ್ಕಾರದ ಚಿನ್ನದ ಬಾಂಡ್: 2015ರ ನವೆಂಬರಿನಲ್ಲಿ ಗ್ರಾಮಿಗೆ 2,684 ರೂಪಾಯಿಗೆ ಕೊಟ್ಟ ಮೊದಲ ಕಂತಿಗೆ 2023ರಲ್ಲಿ 6,132 ರೂಪಾಯಿ ಮರಳಿತು, ನಡುವೆ ಬಡ್ಡಿಯೂ ಬಂತು. 2024ರ ಫೆಬ್ರವರಿಯ ನಂತರ ಹೊಸ ಕಂತು ಬಂದಿಲ್ಲ.

ಪ್ರಮಾಣದ ವಿಷಯದಲ್ಲಿ ನಾನು ಶೇ. 10ನ್ನು ಮೀರುವುದಿಲ್ಲ. 2008ರಲ್ಲಿ ಷೇರುಗಳು ಅರ್ಧಕ್ಕಿಳಿದಾಗ ಚಿನ್ನ ಏರಿತ್ತು, ನಿಜ. ಆದರೆ 2012ರಲ್ಲಿ 10 ಗ್ರಾಮಿಗೆ ಸುಮಾರು 31 ಸಾವಿರವಿದ್ದ ದರ 2018ರಲ್ಲೂ ಅಲ್ಲೇ ಇತ್ತು, ಆ ಆರು ವರ್ಷ ಚಿನ್ನ ಬಡ್ಡಿಯನ್ನೂ ಕೊಡಲಿಲ್ಲ. ಹತ್ತು ಲಕ್ಷದಲ್ಲಿ ಒಂದು ಲಕ್ಷ ಚಿನ್ನದಲ್ಲಿದೆ ಎನ್ನಿ. ಉಳಿದವು ಹಾಗೇ ಇದ್ದು ಚಿನ್ನ 1.8 ಲಕ್ಷವಾದರೆ ಅದರ ಪಾಲು ಶೇ. 17ರ ಹತ್ತಿರ ಬರುತ್ತದೆ. ಆಗ 72 ಸಾವಿರದಷ್ಟನ್ನು ಮಾರಿ ಠೇವಣಿಗೋ ಷೇರಿಗೋ ಹಾಕಿದರೆ ಪಾಲು ಮತ್ತೆ ಹತ್ತಕ್ಕಿಳಿಯುತ್ತದೆ. ಇಟಿಎಫ್‌ನಲ್ಲಿ ಇದು ಎರಡು ನಿಮಿಷದ ಕೆಲಸ. ಸರದ ನಾಲ್ಕು ಕೊಂಡಿ ಕತ್ತರಿಸಿ ಮಾರಲಾಗದು. ಹಾಗಾಗಿ ತಾಯಿಯ ಸರವನ್ನು ನಾನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ಒಡವೆಗಿರುವ ಒಂದು ಅನುಕೂಲವನ್ನು ಮಾತ್ರ ಅಲ್ಲಗಳೆಯಲಾರೆ: ಆಸ್ಪತ್ರೆಯ ಖರ್ಚು ಬಂದ ದಿನ ಅದನ್ನು ಅಡವಿಟ್ಟು ಸಂಜೆಯೊಳಗೆ ಸಾಲ ತರಬಹುದು, ಇಟಿಎಫ್ ತೋರಿಸಿದರೆ ಚಿನ್ನದ ಸಾಲ ಸಿಗುವುದಿಲ್ಲ.