ಜಗಳದ ನಂತರ ಬರುವ ‘ಸರಿ.’

‘ಜಗಳ ಆದಮೇಲೆ ನನ್ನ ಹುಡುಗಿ ಬರೀ “ಸರಿ.”, “ಆಯ್ತು.” ಅಂತ ಕಳಿಸ್ತಾಳೆ. ನನ್ನ ಮೇಲೆ ಪ್ರೀತಿ ಹೋಯ್ತಾ?’

ಸಾಮಾನ್ಯವಾಗಿ ಹಾಗಲ್ಲ, ನೋವು ಇನ್ನೂ ಆರಿಲ್ಲ ಅಷ್ಟೇ. ಮನಸ್ಸು ಕುದಿಯುವಾಗ ಸಲುಗೆಯ ಮಾತು ಸುಳ್ಳು ಅನ್ನಿಸುತ್ತದೆ, ಜಾಸ್ತಿ ಬರೆದರೆ ಮತ್ತೆ ಜಗಳ ಹತ್ತುವ ಭಯ. ಹಾಗಾಗಿ ಮಾತು ಅಳೆದು ಬರುತ್ತದೆ. ಮೆಸೇಜಿನಲ್ಲಿ ದನಿ ಕೇಳಿಸುವುದಿಲ್ಲ ಅಲ್ವಾ, ಆ ಜಾಗವನ್ನು ನಮ್ಮ ಭಯ ತುಂಬುತ್ತದೆ.

ಅವಳು ಮೊದಲು ಹೇಗೆ ಬರೆಯುತ್ತಿದ್ದಳು ಅನ್ನುವುದಕ್ಕೇ ಹೋಲಿಸಿ. ‘ಹೂಂ ಕಣೋ’ ಅನ್ನುತ್ತಿದ್ದವಳು ‘ಸರಿ. ಊಟ ಮಾಡಿ.’ ಅಂದರೆ, ‘ಮಾಡು’ ಹೋಗಿ ‘ಮಾಡಿ’ ಬಂದಿದೆ. ಅದು ಮುನಿಸು. ಆದರೆ ಊಟದ ನೆನಪು ಉಳಿದಿದೆ, ಅದನ್ನೂ ಓದಿ. ತಾನಾಗಿ ಏನೂ ಹೇಳದೆ, ಕೇಳದೆ ವಾರಗಟ್ಟಲೆ ಕಳೆದರೆ ಮಾತ್ರ ದೂರವಾಗುತ್ತಿರಬಹುದು.

‘ಯಾಕೆ ಹೀಗೆ ಬರೀತೀಯ?’ ಅನ್ನಬೇಡಿ. ‘ನಿನ್ನೆ ನನ್ನ ಮಾತು ನೋಯಿಸಿತು ಅನ್ಸುತ್ತೆ, ಸಂಜೆ ಫೋನ್ ಮಾಡಲಾ?’ ಅನ್ನಿ.