ಉತ್ತರ ಕೊಟ್ಟರು ಅಂದ ಮಾತ್ರಕ್ಕೆ ಮಾತು ಬೇಕು ಅಂತಲ್ಲ

ಪ್ರಶ್ನೆ: ನಾನು ದಿನಾ ಕುಂಬಳೆಯಿಂದ ಮಂಗಳೂರಿಗೆ ಬಸ್ಸಲ್ಲಿ ಹೋಗುವವಳು. ಪಕ್ಕದಲ್ಲಿ ಕೂತವರಿಗೆ ಮಾತಾಡುವ ಮನಸ್ಸು ಉಂಟಾ ಇಲ್ವಾ ಅಂತ ಮುಖ ನೋಡಿಯೇ ತಿಳಿಯುವುದು ಹೇಗೆ?

ಅದೇ ದಾರಿಯಲ್ಲಿ ನಾನೂ ಹನ್ನೊಂದು ವರ್ಷ ಓಡಾಡಿದ್ದೇನೆ. ಮನೆ ಕಾಸರಗೋಡು, ಕೆಲಸ ಮಂಗಳೂರಿನ ಒಂದು ಔಷಧದ ಅಂಗಡಿಯಲ್ಲಿ. ಒಂದು ಸಂಜೆ ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹತ್ತಿದಾಗ ಹೆಂಗಸರ ಸೀಟಿನಲ್ಲಿ ಕಿಟಕಿ ಪಕ್ಕ ಐವತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ಮಡಿಲಲ್ಲಿ ಸ್ಕ್ಯಾನಿಂಗಿನ ದೊಡ್ಡ ಕವರು. ನಮ್ಮ ಕಡೆಯ ಬಸ್ಸುಗಳಲ್ಲಿ ಆ ಕವರು ಕಾಣದ ದಿನವಿಲ್ಲ, ದೊಡ್ಡ ಕಾಯಿಲೆ ಅಂದರೆ ಎಲ್ಲರೂ ಗಡಿ ದಾಟಿ ಮಂಗಳೂರಿಗೇ ಹೋಗಬೇಕಲ್ಲ. ನನಗೆ ಆಸ್ಪತ್ರೆ, ಔಷಧ ಎಲ್ಲ ಗೊತ್ತಿದ್ದ ವಿಷಯ. ಹಾಗಾಗಿ ಮಾತು ತೆಗೆದೆ.

"ಎಲ್ಲಿಗಕ್ಕ?" "ಕುಂಬಳೆ." "ಯಾರಿಗೆ ಹುಷಾರಿಲ್ಲದ್ದು?" "ಯಜಮಾನರಿಗೆ." "ಅಡ್ಮಿಟ್ ಮಾಡಿದ್ದಾರಾ?" "ಹೌದು." "ಎಷ್ಟು ದಿನ ಆಯ್ತು?" "ಹದಿನೆಂಟು."

ಕೇಳಿದ್ದಕ್ಕೆಲ್ಲ ಉತ್ತರ ಬಂತು. ಸ್ವರದಲ್ಲಿ ಸಿಟ್ಟಿಲ್ಲ, ಬೇಸರವಿಲ್ಲ, ಒಮ್ಮೆ ಸಣ್ಣಗೆ ನಕ್ಕರು ಕೂಡ. ನೇತ್ರಾವತಿ ಸೇತುವೆ ದಾಟುವಷ್ಟರಲ್ಲಿ ನಾನು ನಮ್ಮ ಮಾವನ ಕಥೆಗೆ ಬಂದಿದ್ದೆ, ವೈದ್ಯರು ಕೈಬಿಟ್ಟ ಮೇಲೂ ಅವರು ಗುಣವಾದ ಕಥೆ. ತೊಕ್ಕೊಟ್ಟಿನಲ್ಲಿ ಅವರು ಕವರನ್ನು ಮಡಿಲಿಂದ ಎತ್ತಿ ನಮ್ಮಿಬ್ಬರ ನಡುವೆ ನಿಲ್ಲಿಸಿದರು. ತಲಪಾಡಿಯಲ್ಲಿ ಕಣ್ಣು ಮುಚ್ಚಿಕೊಂಡರು. ಪಾಪ, ಆಯಾಸ ಅಂತ ಸುಮ್ಮನಾದೆ. ಮಂಜೇಶ್ವರದಲ್ಲಿ ಕಣ್ಣು ಬಿಟ್ಟ ಕೂಡಲೇ ಬಿಟ್ಟಲ್ಲಿಂದ ಮುಂದುವರಿಸಿದೆ. ಹೊಸಂಗಡಿಯಲ್ಲಿ ಬಸ್ಸು ನಿಂತಾಗ ಅವರು ಎದ್ದು ಇಳಿದೇಬಿಟ್ಟರು. ಟಿಕೆಟು ತೆಗೆದದ್ದು ಕುಂಬಳೆಗೆ. ನನ್ನ ಕಣ್ಣೆದುರೇ ತೆಗೆದದ್ದು.

ನನ್ನ ತಪ್ಪು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಗೊತ್ತಾಗಲಿಕ್ಕೆ ನನಗೆ ತಿಂಗಳುಗಳೇ ಬೇಕಾದವು. ನಾನು ಲೆಕ್ಕ ಹಾಕುತ್ತಿದ್ದದ್ದು ಅವರು ಕೊಟ್ಟ ಉತ್ತರಗಳನ್ನು. ಉತ್ತರ ಬರುತ್ತಾ ಇದೆ, ಅಂದರೆ ಮಾತು ಬೇಕು ಅಂತ ತೀರ್ಮಾನಿಸಿದ್ದೆ. ಆದರೆ ನಮ್ಮ ಊರಲ್ಲಿ ಕೇಳಿದ್ದಕ್ಕೆ ಉತ್ತರ ಕೊಡದಿರುವ ಹೆಂಗಸು ಯಾರಿದ್ದಾರೆ? ಎದುರಿನವರು ಕೇಳಿದರೆ ಹೇಳಲೇಬೇಕು, ಇಲ್ಲವಾದರೆ ಗರ್ವ ಅಂತಾರೆ. ಹಾಗೆ ಬೆಳೆದವರು ನಾವು. ಉತ್ತರ ಅಂದರೆ ಮರ್ಯಾದೆ, ಅಷ್ಟೇ. ಬಲವಂತವಿಲ್ಲದೆ ಬರುವುದು ಪ್ರಶ್ನೆ ಮಾತ್ರ. ಆ ಮುಕ್ಕಾಲು ಗಂಟೆಯಲ್ಲಿ ಅವರು ನನಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ನೀವೆಲ್ಲಿ ಇಳಿಯುವುದು ಅಂತ ಕೂಡ ಇಲ್ಲ. ಕೇಳದೆ ಇದ್ದ ಒಂದು ಮಾತನ್ನೂ ತಾವಾಗಿ ಸೇರಿಸಿರಲಿಲ್ಲ. "ಹದಿನೆಂಟು" ಅಂದದ್ದು ಹದಿನೆಂಟಕ್ಕೇ ನಿಂತಿತ್ತು. ಮಾತು ಬೇಕಿದ್ದವರು "ಹದಿನೆಂಟು, ಮೊದಲು ಇನ್ನೊಂದು ಕಡೆ ತೋರಿಸಿದ್ದೆವು" ಅಂತ ಒಂದು ಎಳೆಯಾದರೂ ಬಿಡುತ್ತಾರೆ.

ನಾಲ್ಕೈದು ತಿಂಗಳಾದ ಮೇಲೆ ಅವರು ಅದೇ ಬಸ್ಸು ಹತ್ತಿದರು. ನನ್ನ ಪಕ್ಕ ಜಾಗವಿತ್ತು. ನನ್ನನ್ನು ನೋಡಿದರು, ಕಂಬಿ ಹಿಡಿದು ನಿಂತೇ ಇದ್ದರು. ತೊಕ್ಕೊಟ್ಟಿನಲ್ಲಿ ಜನ ತುಂಬಿ ನಿಲ್ಲಲಾಗದೆ ಬಂದು ಕೂತರು. ನಾನು ಬಾಯಿ ತೆರೆಯಲಿಲ್ಲ. ತಲಪಾಡಿ ದಾಟಿದ ಮೇಲೆ ಅವರೇ ಹೇಳಿದರು: "ಅವತ್ತು ನಿಮ್ಮ ಮೇಲೆ ಕೋಪ ಅಲ್ಲ. ಇನ್ನು ಮನೆಗೆ ಕರ್ಕೊಂಡು ಹೋಗಿ ಅಂತ ಡಾಕ್ಟ್ರು ಹೇಳಿದ ದಿನ ಅದು. ಮಕ್ಕಳಿಗೆ ಹೇಗೆ ಹೇಳುವುದು ಅಂತ ಯೋಚನೆ ಮಾಡ್ಲಿಕ್ಕೆ ನನಗೆ ಇದ್ದದ್ದು ಆ ಬಸ್ಸು ಮಾತ್ರ."

ನಾನು ಅವರಿಂದ ಕಿತ್ತುಕೊಂಡದ್ದು ಅದನ್ನು. ಹೊಸಂಗಡಿಯಲ್ಲಿ ಇಳಿದು, ಮತ್ತೊಂದು ಬಸ್ಸಿಗೆ ಕಾದು, ಮತ್ತೊಂದು ಟಿಕೆಟು ತೆಗೆದು ಅವರು ಅದನ್ನು ವಾಪಸು ಪಡೆಯಬೇಕಾಯಿತು. ಗುಣವಾದ ಮಾವನ ಕಥೆ ಆ ಹೊತ್ತಿಗೆ ಅವರ ಕಿವಿಗೆ ಹೇಗೆ ಬಿದ್ದಿರಬಹುದು ಅಂತ ನೆನೆದರೆ ಇವತ್ತಿಗೂ ನನಗೆ ನಿದ್ದೆ ಹತ್ತುವುದಿಲ್ಲ.

ಹಾಗಾಗಿ ಮುಖ ನೋಡಿ ತಿಳಿಯುವ ಆಸೆಯನ್ನೇ ನೀವು ಬಿಡಬೇಕು ಅಂತ ನನ್ನ ಅಭಿಪ್ರಾಯ. ಅವರ ಮುಖ ಶಾಂತವಾಗಿಯೇ ಇತ್ತು. ತದ್ವಿರುದ್ಧದ್ದೂ ಆಗಿದೆ. ಒಂದು ಬೆಳಿಗ್ಗೆ ಮೊಗ್ರಾಲಿನಲ್ಲಿ ಹತ್ತಿದ ಕಾಲೇಜು ಹುಡುಗಿಯೊಬ್ಬಳು ಮುಖ ಗಂಟಿಕ್ಕಿ ಕೂತಿದ್ದಳು. ಈ ಬಸ್ಸು ಪಂಪ್‌ವೆಲ್ ಮೇಲೆ ಹೋಗ್ತದಾ ಅಂತ ಕನ್ನಡದಲ್ಲಿ ಕೇಳಿದೆ. "ಗೊತ್ತಿಲ್ಲ" ಅಂತ ಒಂದೇ ಪದ. ಬಿಡಬೇಕು ಅಂದುಕೊಂಡೆ, ಆದರೆ ಆ "ಗೊತ್ತಿಲ್ಲ" ಬಂದ ರೀತಿಯಲ್ಲಿ ಮಲಯಾಳದ ಎಳೆತವಿತ್ತು. ಅದೇ ಪ್ರಶ್ನೆಯನ್ನು ಮಲಯಾಳದಲ್ಲಿ ಕೇಳಿದೆ. ಕೂಡಲೇ ತಿರುಗಿ "ಚೇಚಿ ಎವಿಡೆಯಾ ಇರಂಙುನ್ನೆ" ಅಂದಳು, ಅಕ್ಕ ನೀವೆಲ್ಲಿ ಇಳಿಯುವುದು ಅಂತ. ಕಾಲೇಜಿನ ಮೊದಲ ದಿನವಂತೆ, ಎಲ್ಲಿ ಇಳಿಯಬೇಕು ಅಂತ ತಿಳಿಯದೆ ಹೆದರಿ ಕೂತಿದ್ದಳು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಒಂದೇ ಬಸ್ಸಲ್ಲಿ ಹೋಗುವ ಊರು ನಮ್ಮದು. ಚುಟುಕು ಉತ್ತರ ಮನಸ್ಸಿನ ಕೊರತೆಯಾ, ಭಾಷೆಯ ಕೊರತೆಯಾ ಅಂತ ಮೊದಲು ನೋಡಬೇಕು. ನಿಮ್ಮ ಭಾಷೆ ಬಿಟ್ಟು ಅವರ ಭಾಷೆಯಲ್ಲಿ ಒಮ್ಮೆ ಕೇಳಿ. ಆಗಲೂ ಒಂದೇ ಪದ ಬಂದರೆ ಅದು ಬೇಡ ಅಂತಲೇ.

ಇಲ್ಲಿ ಯಾರಾದರೂ ಅಮೆರಿಕದ ಅಧ್ಯಯನ ತಂದು ತೋರಿಸುತ್ತಾರೆ ಅಂತ ಗೊತ್ತು. ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ 2014ರಲ್ಲಿ ಪ್ರಕಟಿಸಿದ್ದು. ಷಿಕಾಗೋದ ರೈಲಿನಲ್ಲಿ, ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಪಕ್ಕದ ಅಪರಿಚಿತರ ಹತ್ತಿರ ಮಾತಾಡಿ ಅಂತ ಹೇಳಿದರೆ, ಸುಮ್ಮನೆ ಕೂತವರಿಗಿಂತ ಅವರ ಪ್ರಯಾಣವೇ ಹೆಚ್ಚು ಖುಷಿಯಾಗಿತ್ತಂತೆ. ನಾನು ಒಪ್ಪುತ್ತೇನೆ, ಮಾತು ತೆಗೆಯಲಿಕ್ಕೆ ನಾವು ಸುಮ್ಮನೆ ಹೆದರುತ್ತೇವೆ. ಆದರೆ ಆ ಪ್ರಯಾಣಗಳಲ್ಲಿ ಪ್ರಶ್ನಾವಳಿ ತುಂಬಿದ್ದು ಮಾತು ತೆಗೆದವರು. ಅವತ್ತು ನನಗೆ ಒಂದು ಕಾಗದ ಕೊಟ್ಟಿದ್ದರೆ ತುಂಬಾ ಖುಷಿಯಾಯ್ತು ಅಂತಲೇ ಬರೆಯುತ್ತಿದ್ದೆ.

ಈಗ ನಾನು ಮಾಡುವುದು ಇಷ್ಟೇ. ಮೊದಲ ಮಾತು ಬಸ್ಸಿನ ಬಗ್ಗೆ, ಅವರ ಬಗ್ಗೆ ಅಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗ್ತದಾ, ಮೇಲೆ ಹೋಗ್ತದಾ, ಗಾಳಿ ಬರ್ತಾ ಉಂಟಾ, ಅಂಥದ್ದು. ಕೈಯಲ್ಲಿ ಆಸ್ಪತ್ರೆಯ ಕವರು ಕಂಡರೆ ಅದನ್ನು ಕಂಡೇ ಇಲ್ಲ ಅಂತ ಇರುತ್ತೇನೆ, ಅವರಾಗಿ ತೆಗೆಯದ ಹೊರತು. ಉತ್ತರ ಬಂದ ಮೇಲೆ ನನ್ನ ಬಗ್ಗೆ ಒಂದು ವಾಕ್ಯ ಹೇಳುತ್ತೇನೆ, "ನಾನು ಕಾಸರಗೋಡಿಗೆ" ಅಂತ. ಇದು ಅವರಿಗೆ ಬಾಗಿಲು, ಬೇಕಿದ್ದವರು ಅಲ್ಲಿಂದ ಒಂದು ಪ್ರಶ್ನೆ ಹಿಡಿಯುತ್ತಾರೆ. ಆಮೇಲೆ ನಾನೇ ಮುಖ ತಿರುಗಿಸಿ ದಾರಿ ನೋಡುತ್ತೇನೆ. ಇದು ಮುಖ್ಯ. ನೀವು ಅವರನ್ನೇ ನೋಡುತ್ತಾ ಕೂತರೆ ಅವರಿಗೆ ಮರ್ಯಾದೆಗೆಟ್ಟವರ ಹಾಗಾಗದೆ ಸುಮ್ಮನಾಗುವುದು ಹೇಗೆ? ಕಿವಿಗೆ ಇಯರ್‌ಫೋನ್ ಹಾಕಿದವರಿಗೆ ಇದನ್ನೂ ಮಾಡುವುದಿಲ್ಲ. ಎರಡು ಸ್ಟಾಪು ಕಳೆಯುವವರೆಗೆ ಅವರ ಕಡೆಯಿಂದ ಏನೂ ಬರದಿದ್ದರೆ ಮತ್ತೆ ಕೆದಕುವುದಿಲ್ಲ. ಕಣ್ಣು ಮುಚ್ಚಿ ತೆರೆದವರನ್ನಂತೂ ಯಾವತ್ತೂ ಇಲ್ಲ.

ಆ ಅಕ್ಕ ಈಗಲೂ ಕೆಲವೊಮ್ಮೆ ಸಿಗುತ್ತಾರೆ. ಹೆಚ್ಚಿನ ದಿನ ನಾವಿಬ್ಬರೂ ಸುಮ್ಮನೆ ಕೂತಿರುತ್ತೇವೆ. ಕುಂಬಳೆ ಬಂದಾಗ ನಾನು ಕಾಲು ಸರಿಸಿ ಅವರಿಗೆ ದಾರಿ ಬಿಡುತ್ತೇನೆ.